ಚಿತ್ರಗಳು ಮಾತ್ರ ಇರುವ ಜೋಡಣೆ ಹಾಳೆ: ವಾರ್ಡ್‌ರೋಬಿನ 3ನೇ ಹಂತವನ್ನು ಕೊನೆಗೆ ಮಾಡಬಹುದೇ?

ಬಾಡಿಗೆಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ನಾವು ತರಿಸಿದ ಎರಡು ಬಾಗಿಲಿನ ವಾರ್ಡ್‌ರೋಬ್ ಬಿಡಿ ಹಲಗೆಗಳಾಗಿ ಎರಡು ಪೆಟ್ಟಿಗೆಗಳಲ್ಲಿ ಬಂದಿದೆ. ಎತ್ತರ 200 ಸೆಂ.ಮೀ., ಆಳ 58 ಸೆಂ.ಮೀ., ಹಲಗೆಗಳ ದಪ್ಪ 18 ಮಿ.ಮೀ. ಜೊತೆಗಿರುವ ಹಾಳೆಯಲ್ಲಿ ಮಾತಿನ ವಿವರಣೆ ಒಂದು ಸಾಲೂ ಇಲ್ಲ. ಮೊದಲ ಪುಟದಲ್ಲಿ ಭಾಗಗಳ ಪಟ್ಟಿ, ನಂತರ 14 ಸಂಖ್ಯೆಯ ಚಿತ್ರಗಳು, ಅಷ್ಟೇ. ಭಾನುವಾರ ನಾನೂ ನಮ್ಮ ಭಾವನೂ ಸೇರಿ ಇದನ್ನು ನಿಲ್ಲಿಸಬೇಕೆಂದಿದ್ದೇವೆ. ಇನ್ನೂ ಒಂದು ಸ್ಕ್ರೂ ಕೂಡ ಹಾಕಿಲ್ಲ.

ಸಂದೇಹಗಳು ಹೀಗಿವೆ. 3ನೇ ಚಿತ್ರದಲ್ಲಿ ಪಕ್ಕದ ಹಲಗೆಗಳು ನೆಲದ ಮೇಲಿರುವಾಗಲೇ ಡ್ರಾಯರಿನ ಚಾನೆಲ್ ಹಾಕುವಂತೆ ತೋರಿಸಿದ್ದಾರೆ. ಭಾವನವರು, ‘ಮೊದಲು ಪೆಟ್ಟಿಗೆ ನಿಲ್ಲಲಿ, ಡ್ರಾಯರಿನ ಕೆಲಸವೆಲ್ಲ ಒಟ್ಟಿಗೆ ಕೊನೆಯಲ್ಲಿ ಮಾಡೋಣ’ ಎನ್ನುತ್ತಾರೆ. ಎರಡನೆಯದಾಗಿ, ಪಟ್ಟಿಯಲ್ಲಿ ‘ಬಿ’ ಎಂಬ ಕ್ಯಾಮ್ ಬೋಲ್ಟುಗಳು 14 ಎಂದಿದೆ, ಆದರೆ 1 ಮತ್ತು 2ನೇ ಚಿತ್ರಗಳಲ್ಲಿ ತಲಾ 5 ಮಾತ್ರ ಬಳಸಿದ್ದಾರೆ. ಮೂರನೆಯದಾಗಿ, ‘ಇ’ ಎಂಬ 3.5 × 16ರ ಸ್ಕ್ರೂಗಳು 34, ‘ಎಫ್’ ಎಂಬ 4 × 30ರ ಸ್ಕ್ರೂಗಳು 8, ಎಲ್ಲವೂ ಒಂದೇ ಪೊಟ್ಟಣದಲ್ಲಿ ಬೆರೆತು ಬಂದಿವೆ.

---

ಕಾವೇರಿ_ತೀರ

ನಾಲ್ಕು ಬೋಲ್ಟು ಹೆಚ್ಚಿಗೆ ಬಂದಿದೆ ಎಂದು ಸಂತೋಷಪಡಿ. ನಮಗೆ ಬಂದ ಕಪಾಟಿನಲ್ಲಿ ಎರಡು ಕಡಿಮೆಯೇ ಇದ್ದವು. ದೂರು ಕೊಟ್ಟ ಮೇಲೆ ವಾರಗಟ್ಟಲೆ ಕಾಯಬೇಕಾಯಿತು. ಹೆಚ್ಚಿಗೆ ಬಂದುದನ್ನು ಡಬ್ಬಿಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

---

ಬಾಡಿಗೆಮನೆ_ಮೈಸೂರು

ಹೆಚ್ಚಿಗೆ ಬಂದಿಲ್ಲ, ಮೇಡಂ. ಪಟ್ಟಿಯಲ್ಲೇ 14 ಎಂದಿದೆ, ಪೊಟ್ಟಣದಲ್ಲಿಯೂ 14 ಇವೆ. ಮೊದಲ ಎರಡು ಹಂತಗಳಲ್ಲಿ 10 ಮಾತ್ರ ಯಾಕೆ ಎಂಬುದು ನನ್ನ ಪ್ರಶ್ನೆ.

---

ಫಿಟ್ಟರ್_ಹನುಮಂತನಗರ

ನಾನು ಇದೇ ಕೆಲಸ ಮಾಡುವವನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಉಳಿದ ನಾಲ್ಕು ಬೋಲ್ಟುಗಳಿಂದಲೇ ನಿಮ್ಮ ವಾರ್ಡ್‌ರೋಬಿನ ಕ್ರಮ ಅರ್ಥವಾಗುತ್ತದೆ. ಹಾಳೆಯನ್ನು ಮೊದಲ ಚಿತ್ರದಿಂದ ಓದಲು ಹೋಗಬೇಡಿ. ಒಂದು ಪೆನ್ಸಿಲ್ ತೆಗೆದುಕೊಂಡು, ಪ್ರತಿ ಹಂತದ ಮೂಲೆಯ ಚೌಕದಲ್ಲಿ ಯಾವ ಅಕ್ಷರದ ಭಾಗ ಎಷ್ಟು ಎಂದು ಕೊಟ್ಟಿರುತ್ತಾರಲ್ಲ, ಅದನ್ನು ಭಾಗಗಳ ಪಟ್ಟಿಯ ಪಕ್ಕದಲ್ಲಿ ಬರೆಯುತ್ತಾ 14ನೇ ಚಿತ್ರದವರೆಗೂ ಹೋಗಿ. ‘ಬಿ’ಯ ಪಕ್ಕದಲ್ಲಿ 5, 5 ಎಂದು ಬರುತ್ತದೆ, ಇನ್ನೊಂದು 4 ಮುಂದೆ ಎಲ್ಲೋ ಇರಲೇಬೇಕು. 9ನೇ ಅಥವಾ 10ನೇ ಚಿತ್ರದಲ್ಲಿ ಮೇಲ್ಹಲಗೆಯನ್ನು ತೋರಿಸಿ ಅಲ್ಲಿ ‘4 ×’ ಎಂದು ಕೊಟ್ಟಿದ್ದಾರೆಯೇ ನೋಡಿ. ಹಾಗಿದ್ದರೆ ಮೇಲ್ಹಲಗೆ ಪಕ್ಕದ ಹಲಗೆಗಳ ಮಧ್ಯೆ ಕೂರುವುದಲ್ಲ, ಅವುಗಳ ತಲೆಯ ಮೇಲೆ ಕೂರುತ್ತದೆ; ಬೋಲ್ಟು ಮೇಲ್ಹಲಗೆಯಲ್ಲಿ, ಕ್ಯಾಮ್ ಪಕ್ಕದ ಹಲಗೆಯಲ್ಲಿ. ಅದನ್ನು ಅಷ್ಟು ತಡವಾಗಿ ತೋರಿಸಲು ಒಂದೇ ಕಾರಣ: ಹಿಂಬದಿಯ ತೆಳು ಹಲಗೆ ಗ್ರೂವಿನಲ್ಲಿ ಮೇಲಿನಿಂದ ಜಾರಿ ಇಳಿಯಬೇಕು. ಮೇಲ್ಹಲಗೆ ಮುಚ್ಚಿದ ಮೇಲೆ ಅದಕ್ಕೆ ಒಳಗೆ ಹೋಗುವ ದಾರಿಯೇ ಇರುವುದಿಲ್ಲ.

ನಾನು ಬಿಚ್ಚಿ ಮತ್ತೆ ಕಟ್ಟಿದ ವಾರ್ಡ್‌ರೋಬುಗಳಲ್ಲಿ ಹೆಚ್ಚಿನವು ಈ ಒಂದೇ ಕಾರಣದವು. ನಾಲ್ಕು ಹಲಗೆ ಸೇರಿಸಿ ಚೌಕಟ್ಟು ಮುಗಿಸಿಬಿಡುವುದು ಮನುಷ್ಯರ ಸಹಜ ಆತುರ.

---

ಬಾಡಿಗೆಮನೆ_ಮೈಸೂರು

ಈಗಷ್ಟೇ ನೋಡಿದೆ, ಸರ್. 9ನೇ ಚಿತ್ರದಲ್ಲಿ ‘ಬಿ 4 ×, ಸಿ 4 ×’ ಎಂದಿದೆ, 8ನೇ ಚಿತ್ರದಲ್ಲಿ ಎರಡು ತುಂಡಿನ ಹಿಂಬದಿ ಹಲಗೆ ಇಳಿಯುತ್ತಿದೆ. ‘ಸಿ’ ಎಂಬ ಕ್ಯಾಮುಗಳು 4ನೇ ಹಂತದಲ್ಲಿ 10, ಇಲ್ಲಿ 4, ಒಟ್ಟು 14. ಪಟ್ಟಿಗೆ ಸರಿಯಾಗಿ ಹೊಂದಿತು. ‘ಇ’ಯನ್ನೂ ಕೂಡಿದೆ: 3ನೇ ಹಂತದಲ್ಲಿ 6, 12ರಲ್ಲಿ 12, 13ರಲ್ಲಿ 12, 14ರಲ್ಲಿ 4, ಒಟ್ಟು 34. ‘ಎಫ್’ 8ಕ್ಕೆ 8ನ್ನೂ 14ನೇ ಹಂತದಲ್ಲೇ ಡ್ರಾಯರಿನ ಮೂಲೆಗಳಿಗೆ ತೋರಿಸಿದ್ದಾರೆ.

---

ನಿವೃತ್ತ_ಓವರ್ಸಿಯರ್

ಇಷ್ಟೊಂದು ಲೆಕ್ಕದ ಅಗತ್ಯ ನನಗೆ ಕಾಣುತ್ತಿಲ್ಲ. ಮೂರು ನಿಯಮ ನೆನಪಿಟ್ಟರೆ ಯಾವ ಹಲಗೆಯೂ ತಲೆಕೆಳಗಾಗುವುದಿಲ್ಲ. ಕ್ಯಾಮಿನ ದೊಡ್ಡ ರಂಧ್ರಗಳು ಯಾವಾಗಲೂ ಕೆಳಮುಖವಾಗಿರಬೇಕು. ಎಡ್ಜ್ ಬ್ಯಾಂಡ್ ಅಂಟಿಸಿದ ಅಂಚು ಯಾವಾಗಲೂ ಮುಂದಕ್ಕೆ ಬರಬೇಕು. ಪ್ರತಿ ಹಂತ ಮುಗಿದ ಕೂಡಲೇ ಎಲ್ಲವನ್ನೂ ಪೂರ್ತಿ ಬಿಗಿ ಮಾಡಬೇಕು. ನಮ್ಮ ಮನೆಯ ಪುಸ್ತಕದ ಕಪಾಟು ಹೀಗೆಯೇ ನಿಂತಿದೆ.

---

ಫಿಟ್ಟರ್_ಹನುಮಂತನಗರ

ಓವರ್ಸಿಯರ್ ಸಾಹೇಬರೇ, ನಿಮ್ಮ ಕಪಾಟಿಗೆ ಅದು ಸರಿ, ಆದರೆ ‘ಯಾವಾಗಲೂ’ ಎಂಬುದನ್ನು ನಾನು ಒಪ್ಪುವುದಿಲ್ಲ. ಇವರ ಮಾದರಿಯಲ್ಲಿ ತಳದ ಹಲಗೆಯ ಮತ್ತು ನಡುವಿನ ಹಲಗೆಯ ಕ್ಯಾಮ್ ರಂಧ್ರಗಳು ಕೆಳಗೆ ಬರುತ್ತವೆ, ನಿಜ. ಮೇಲ್ಹಲಗೆಯನ್ನು ಹಿಡಿಯುವ ನಾಲ್ಕು ಕ್ಯಾಮ್‌ಗಳು ಮಾತ್ರ ಪಕ್ಕದ ಹಲಗೆಗಳ ಒಳಮುಖದಲ್ಲಿ, ತುದಿಗೆ ಹತ್ತಿರದಲ್ಲಿ, ಕಣ್ಣಿಗೆ ಕಾಣುವಂತೆಯೇ ಇರುತ್ತವೆ. ನಿಮ್ಮ ನಿಯಮ ನಂಬಿದವರು ಪಕ್ಕದ ಹಲಗೆಯನ್ನೇ ಬುಡಮೇಲು ಮಾಡಿಯಾರು.

ಅಂಚಿನ ವಿಷಯವೂ ಅಷ್ಟೇ. ಕೆಲವು ಕಂಪನಿಗಳು ನಾಲ್ಕು ಅಂಚುಗಳಿಗೂ ಪಟ್ಟಿ ಅಂಟಿಸುತ್ತವೆ. ಆಗ ಅಂಚು ನೋಡಿ ಏನೂ ತಿಳಿಯುವುದಿಲ್ಲ. ಚಿತ್ರದಲ್ಲಿ ಬರೆದಿರುವ ರಂಧ್ರಗಳನ್ನು ನೋಡುವುದೇ ನಂಬಿಕೆಗೆ ಅರ್ಹವಾದ ದಾರಿ. ಒಂದು ತುದಿಯಲ್ಲಿ ಮೂರು ರಂಧ್ರ, ಇನ್ನೊಂದು ತುದಿಯಲ್ಲಿ ಎರಡು ಎಂದಿದ್ದರೆ ಅದು ಚಿತ್ರಕಾರನ ಅಲಂಕಾರವಲ್ಲ, ಹಲಗೆಯ ಗುರುತು.

---

ಗದಗ_ಗೆಳತಿ

ಬಾಡಿಗೆಮನೆಯವರೇ, ಪಕ್ಕದ ಹಲಗೆಗಳು ಎರಡೂ ಒಂದೇ ರೀತಿ ಕಾಣುತ್ತವೆಯೇ? ನಮ್ಮ ಹಾಳೆಯಲ್ಲಿ ಎಡ ಮತ್ತು ಬಲ ಹಲಗೆಗಳಿಗೆ ಬೇರೆ ಚಿತ್ರವನ್ನೇ ಕೊಡದೆ ಒಂದು ಚಿತ್ರ ಬರೆದು ‘2 ×’ ಎಂದು ಹಾಕಿದ್ದರು. ಒಂದೇ ಕೆಲಸವನ್ನು ಎರಡು ಬಾರಿ ಮಾಡಿದರೆ ಎರಡು ಎಡ ಹಲಗೆಗಳು ಸಿದ್ಧವಾಗುವುದಿಲ್ಲವೇ ಎಂದು ನನಗೆ ಆಗ ದಿಗಿಲಾಗಿತ್ತು.

---

ಫಿಟ್ಟರ್_ಹನುಮಂತನಗರ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಎರಡು ಹಲಗೆಗಳನ್ನೂ ಒಳಮುಖ ಮೇಲೆ ಬರುವಂತೆ, ತಲೆಗಳು ಒಂದೇ ದಿಕ್ಕಿಗೆ ಇರುವಂತೆ, ತೆರೆದಿಟ್ಟ ಪುಸ್ತಕದ ಎರಡು ಪುಟಗಳ ಹಾಗೆ ಪಕ್ಕಪಕ್ಕದಲ್ಲಿ ಮಲಗಿಸಿ. ಮುಂಭಾಗದ ಅಂಚುಗಳು ಮಧ್ಯದಲ್ಲಿ ಒಂದನ್ನೊಂದು ಮುಟ್ಟಬೇಕು, ಹಿಂಬದಿ ಹಲಗೆಯ ಗ್ರೂವುಗಳು ಎರಡೂ ಹೊರಗಿನ ಅಂಚುಗಳ ಬಳಿ ಇರಬೇಕು. ರಂಧ್ರಗಳ ಸಾಲುಗಳು ಆಗ ಎರಡರಲ್ಲಿಯೂ ಒಂದೇ ಎತ್ತರಕ್ಕೆ ಬರುತ್ತವೆ. ಗ್ರೂವುಗಳು ಎರಡೂ ಒಂದೇ ಬದಿಗೆ ಬಂದರೆ ಒಂದು ಹಲಗೆ ತಿರುವುಮುರುವಾಗಿದೆ ಎಂದರ್ಥ. ಬೋಲ್ಟ್ ತಿರುಗಿಸುವ ಮೊದಲೇ ಅದು ತಿಳಿದುಬಿಡುತ್ತದೆ.

ಚಾನೆಲ್ ಹಾಕುವುದೂ ಹಲಗೆಗಳು ಹೀಗೆ ಮಲಗಿರುವಾಗಲೇ. ಚಕ್ರವಿರುವ ಬಿಳಿ ಚಾನೆಲ್ ಆಗಿದ್ದರೆ ಲೋಹದ ಮೇಲೆ ಸಣ್ಣದಾಗಿ ಅಚ್ಚೊತ್ತಿದ ಗುರುತುಗಳನ್ನು ಹುಡುಕಿ: ಸಿಎಲ್ ಎಂಬುದು ಪೆಟ್ಟಿಗೆಯ ಎಡಕ್ಕೆ, ಸಿಆರ್ ಬಲಕ್ಕೆ, ಡಿಎಲ್ ಮತ್ತು ಡಿಆರ್ ಡ್ರಾಯರಿನ ಎಡಬಲಗಳಿಗೆ. ಪೆಟ್ಟಿಗೆಗೆ ಹಾಕುವ ಚಾನೆಲಿನ ಚಕ್ರ ಮುಂದಿನ ಅಂಚಿನ ಕಡೆಗೆ ಇರಬೇಕು, ಡ್ರಾಯರಿಗೆ ಹಾಕುವುದರ ಚಕ್ರ ಹಿಂದಿನ ತುದಿಯಲ್ಲಿರಬೇಕು. ಚಕ್ರ ಗ್ರೂವಿನ ಕಡೆಗೆ ಬಂದಿದ್ದರೆ ಡ್ರಾಯರ್ ಒಳಗೆ ಹೋಗುವುದೇ ಇಲ್ಲ.

---

ಭಾವನ_ಪಕ್ಷ

ನಾನು ಭಾವನವರ ಪರವಾಗಿ ವಾದಿಸುತ್ತೇನೆ. ಚಾನೆಲನ್ನು ಕೊನೆಗೆ ಹಾಕಿದರೆ ಆಕಾಶವೇನೂ ಬೀಳುವುದಿಲ್ಲ. ರಂಧ್ರಗಳು ಮೊದಲೇ ಕೊರೆದಿರುತ್ತವೆ, ಸ್ಕ್ರೂ ಹಾಕಿದರಾಯಿತು. ಹಾಳೆಯ ಸಂಖ್ಯೆಗಳು ಕಾರ್ಖಾನೆಯವರ ಅನುಕೂಲಕ್ಕೆ ಇರುವಂಥವು, ಅವೇನೂ ಶಾಸ್ತ್ರವಲ್ಲ.

---

ಫಿಟ್ಟರ್_ಹನುಮಂತನಗರ

ಅರ್ಧ ಒಪ್ಪುತ್ತೇನೆ. ಎಲ್ಲ ಹಂತಗಳಿಗೂ ಒಂದೇ ತೂಕವಿಲ್ಲ. 12ನೇ ಹಂತದಲ್ಲಿ ಹಾಕುವ ಹಿಂಜಿನ ಪ್ಲೇಟುಗಳನ್ನು 3ನೇ ಹಂತದಲ್ಲಿಯೇ, ಹಲಗೆ ಮಲಗಿರುವಾಗ ಹಾಕಿದರೂ ಯಾವ ತೊಂದರೆಯೂ ಇಲ್ಲ. ನಾನು ಹಾಗೆಯೇ ಮಾಡುತ್ತೇನೆ. ಹಿಂದಿನದನ್ನು ಮುಂದೆ ತಳ್ಳುವುದಕ್ಕೆ ಮುಂಚೆ ಮಾತ್ರ ಯೋಚಿಸಬೇಕು. ಒಂದು ಹಂತ ಮುಗಿದ ಮೇಲೆ ಯಾವ ದಾರಿ ಮುಚ್ಚಿಹೋಗುತ್ತದೆ ಎಂದು ಮುಂದಿನ ಎರಡು ಚಿತ್ರಗಳನ್ನು ನೋಡಿ ಕೇಳಿಕೊಳ್ಳಿ. ಚಾನೆಲಿನ ವಿಷಯದಲ್ಲಿ ದಾರಿ ಪೂರ್ತಿ ಮುಚ್ಚುವುದಿಲ್ಲ, ಆದರೆ ನಡುವಿನ ಹಲಗೆಯ ಕೆಳಗೆ, 58 ಸೆಂ.ಮೀ. ಆಳದ ಪೆಟ್ಟಿಗೆಯ ಹಿಂತುದಿಯಲ್ಲಿ ಸ್ಕ್ರೂಡ್ರೈವರನ್ನು ನೇರವಾಗಿ ಹಿಡಿಯಲು ಕೈಗೆ ಜಾಗ ಸಿಗುವುದಿಲ್ಲ. ಓರೆಯಾಗಿ ಹಾಕಿದ ಸ್ಕ್ರೂವಿನ ತಲೆ ಚಾನೆಲಿನಿಂದ ಹೊರಗೆ ನಿಂತು ಡ್ರಾಯರಿನ ಚಕ್ರಕ್ಕೆ ತಾಗುತ್ತದೆ. ಡ್ರಾಯರ್ ಅರ್ಧಕ್ಕೆ ಬಂದು ಟಕ್ಕೆಂದು ನಿಂತರೆ ಮೊದಲು ನೋಡಬೇಕಾದುದು ಆ ತಲೆಯನ್ನೇ.

---

ಭಾವನ_ಪಕ್ಷ

ಉದ್ದ ಕಡ್ಡಿಯ ಸ್ಕ್ರೂಡ್ರೈವರ್ ಇದ್ದವರಿಗೆ ಅದೂ ಒಂದು ಸಮಸ್ಯೆಯಲ್ಲ. ನನ್ನ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ.

---

ಸಾಗರದ_ಸುಬ್ಬಿ

ನಮ್ಮದು ಮಂಚದ ಕಥೆ. ನಾಲ್ಕು ಮೂಲೆಗಳಿಗೂ ಉದ್ದನೆಯ ಬೋಲ್ಟು, ಒಳಗೆ ದುಂಡನೆಯ ನಟ್ಟು. ಹಾಳೆಯಲ್ಲಿ ಮೊದಲ ಮೂಲೆಯ ಪಕ್ಕ ಆಲನ್ ಕೀ ಅರ್ಧ ಸುತ್ತು ತಿರುಗುವ ಬಾಣ, ಕೊನೆಯ ಮೂಲೆಯಾದ ನಂತರದ ಚಿತ್ರದಲ್ಲಿ ಪೂರ್ತಿ ಸುತ್ತಿನ ಬಾಣ ಇತ್ತು. ಮನೆಯವರು ಅದನ್ನು ಗಮನಿಸದೆ ಮೊದಲ ಎರಡು ಮೂಲೆಗಳನ್ನು ಬಿಗಿದುಬಿಟ್ಟಿದ್ದರು. ನಾಲ್ಕನೆಯ ಮೂಲೆಯಲ್ಲಿ ಬೋಲ್ಟು ನಟ್ಟಿನ ಬಾಯಿಗೇ ಸಿಗಲಿಲ್ಲ. ಎಲ್ಲ ಸಡಿಲಿಸಿದ ಮೇಲೆ ತಾನಾಗಿಯೇ ಕೂತಿತು. ಆದ್ದರಿಂದ ಪ್ರತಿ ಹಂತಕ್ಕೂ ಬಿಗಿ ಮಾಡಿ ಎಂಬ ಓವರ್ಸಿಯರ್ ಸರ್ ಅವರ ಮಾತಿಗೆ ನನ್ನ ವಿರೋಧವಿದೆ.

---

ನಿವೃತ್ತ_ಓವರ್ಸಿಯರ್

ಮಂಚ ಬೇರೆ, ಕಪಾಟು ಬೇರೆ. ಕ್ಯಾಮನ್ನು ಬಿಗಿ ಮಾಡದೆ ಬಿಟ್ಟರೆ ಮುಂದಿನ ಹಲಗೆ ಹಿಡಿಯುವಾಗ ಹಿಂದಿನದು ಬಾಯಿ ಬಿಡುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

---

ಫಿಟ್ಟರ್_ಹನುಮಂತನಗರ

ಇದರಲ್ಲಿ ಓವರ್ಸಿಯರ್ ಸಾಹೇಬರೇ ಸರಿ. ಕ್ಯಾಮ್ ಕೂರಿಸಿದ ಕೀಲನ್ನು ಆಗಲೇ ಬಿಗಿ ಮಾಡಬೇಕು, ಉದ್ದ ಬೋಲ್ಟಿನ ಮಂಚವನ್ನು ಕೊನೆಯಲ್ಲಿ ಬಿಗಿ ಮಾಡಬೇಕು. ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಜಗಳವಾಡುತ್ತಿದ್ದೀರಿ.

ಕ್ಯಾಮಿನಲ್ಲಿ ನೋಡಬೇಕಾದುದು ಅದರ ಮುಖದ ಮೇಲಿನ ಸಣ್ಣ ಬಾಣ. ಹಾಳೆಯಲ್ಲಿ ದುಂಡಗಿನ ವೃತ್ತದೊಳಗೆ ದೊಡ್ಡದು ಮಾಡಿ ತೋರಿಸಿರುತ್ತಾರೆ. ಕೂರಿಸುವಾಗ ಆ ಬಾಣ ಹಲಗೆಯ ಅಂಚಿನಲ್ಲಿ ಬೋಲ್ಟು ಬರುವ ರಂಧ್ರದ ಕಡೆಗೆ ಮುಖ ಮಾಡಿರಬೇಕು. ಹಲಗೆಗಳನ್ನು ಪೂರ್ತಿ ಒತ್ತಿ ಸೇರಿಸಿದ ಮೇಲೆ ಬಲಕ್ಕೆ ಸುಮಾರು ಅರ್ಧ ಸುತ್ತು ತಿರುಗಿಸಿದರೆ ಕೈಗೆ ಬಿಗಿ ಗೊತ್ತಾಗುತ್ತದೆ. ಬಿಗಿಯೇ ಬಾರದೆ ಗಿರಗಿರನೆ ತಿರುಗುತ್ತಿದ್ದರೆ ಬೋಲ್ಟಿನ ತಲೆ ಕ್ಯಾಮಿನೊಳಗೆ ತಲುಪಿಲ್ಲ: ಒಂದೋ ಹಲಗೆಗಳ ನಡುವೆ ಸಂದು ಉಳಿದಿದೆ, ಇಲ್ಲವೇ 1, 2ನೇ ಹಂತಗಳಲ್ಲಿ ಬೋಲ್ಟನ್ನು ಅದರ ಪಟ್ಟಿ ಹಲಗೆಗೆ ತಾಗುವವರೆಗೆ ತಿರುಗಿಸಿಲ್ಲ. ಬಲವಂತ ಮಾಡಿದರೆ ಪಾರ್ಟಿಕಲ್ ಬೋರ್ಡಿನ ಒಳಗೆ ಪುಡಿಯಾಗುತ್ತದೆ, ಆಮೇಲೆ ಆ ರಂಧ್ರ ಏನನ್ನೂ ಹಿಡಿಯುವುದಿಲ್ಲ.

9ನೇ ಹಂತದ ನಾಲ್ಕು ಕ್ಯಾಮ್‌ಗಳನ್ನು ಉತ್ಸಾಹದಿಂದ ಮೊದಲೇ ಕೂರಿಸಬೇಡಿ. 7ನೇ ಚಿತ್ರದಲ್ಲಿ ಪೆಟ್ಟಿಗೆಯ ಸುತ್ತ ಬಾಗಿದ ದೊಡ್ಡ ಬಾಣ ಇದೆಯಲ್ಲವೇ? ಅದು ಪೆಟ್ಟಿಗೆಯನ್ನು ಮುಖ ಕೆಳಗೆ ಮಾಡಿ ಮಗುಚುವ ಗುರುತು. ಮಗುಚುವಾಗ ಅವು ಉದುರಿ ಯಾವ ಸಂದಿಗೆ ಹೋದವೆಂದು ಹುಡುಕುತ್ತಾ ಕೂರಬೇಕಾಗುತ್ತದೆ.

---

ಬಾಡಿಗೆಮನೆ_ಮೈಸೂರು

ಬಾಣ ಇದೆ, ಸರ್. ಅದರ ಪಕ್ಕದಲ್ಲಿ ಎರಡು ಮನುಷ್ಯರ ಚಿತ್ರವೂ ಇದೆ. ಇನ್ನೊಂದು ಗೊಂದಲ: 4ನೇ ಸಂಖ್ಯೆಯ ಹಲಗೆ (ತಳ) ಮತ್ತು 5ನೇ ಸಂಖ್ಯೆಯ ಹಲಗೆ (ನಡು) ಎರಡೂ ಒಂದೇ ಉದ್ದ, ಬಣ್ಣವೂ ಒಂದೇ. ನನ್ನ ಪೆಟ್ಟಿಗೆಯಲ್ಲಿ ಸಂಖ್ಯೆಯ ಚೀಟಿಗಳು ಕೆಲವು ಕಳಚಿ ಬಿದ್ದಿವೆ.

---

ಗದಗ_ಗೆಳತಿ

ಅಗಲ ಅಳೆದು ನೋಡಿ, ಉದ್ದವನ್ನಲ್ಲ. ನಡುವಿನ ಹಲಗೆ ಗ್ರೂವಿಗಿಂತ ಮುಂಚೆಯೇ ನಿಲ್ಲಬೇಕು, ಇಲ್ಲದಿದ್ದರೆ ಹಿಂಬದಿ ಹಲಗೆ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ನಮ್ಮದರಲ್ಲಿ ಅದು ತಳದ ಹಲಗೆಗಿಂತ ಸುಮಾರು ಎರಡು ಸೆಂ.ಮೀ. ಕಿರಿದಾಗಿತ್ತು.

---

ಫಿಟ್ಟರ್_ಹನುಮಂತನಗರ

ಅವರು ಹೇಳಿದ್ದು ಸರಿಯಾಗಿದೆ. ಜೊತೆಗೆ ತಳದ ಹಲಗೆಯಲ್ಲಿ ಉದ್ದಕ್ಕೂ ಗ್ರೂವ್ ಇರುತ್ತದೆ, ಕೆಳಮುಖದ ಮುಂಭಾಗದಲ್ಲಿ ಕಾಲುಪಟ್ಟಿಗೆಂದು ಮರದ ಗೂಟದ ರಂಧ್ರಗಳಿರುತ್ತವೆ. ನಡುವಿನ ಹಲಗೆಯಲ್ಲಿ ಎರಡೂ ಇರುವುದಿಲ್ಲ. ಇವೆರಡು ಅದಲುಬದಲಾದರೆ 5, 6ನೇ ಹಂತಗಳಲ್ಲಿ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಬೋಲ್ಟುಗಳೆಲ್ಲ ಸರಿಯಾಗಿಯೇ ಕೂರುತ್ತವೆ. 8ನೇ ಹಂತದಲ್ಲಿ ಹಿಂಬದಿ ಹಲಗೆ ಅರ್ಧ ಇಳಿದು ನಡುವಿಗೆ ಬಂದು ನಿಲ್ಲುತ್ತದೆ. ಆಗ ಸುತ್ತಿಗೆ ಎತ್ತಿಕೊಂಡರೆ 3 ಮಿ.ಮೀ. ದಪ್ಪದ ಆ ಹಲಗೆಯ ಅಂಚು ಒಡೆಯುತ್ತದೆ. ಅದು ಬಿಗಿಯಾಗಿದೆ ಎಂದಲ್ಲ, ಎದುರಿಗೆ ಏನೋ ಇದೆ ಎಂದು ತಿಳಿಯಬೇಕು.

ಹಿಂಬದಿ ಹಲಗೆಯ ಬಣ್ಣದ ಮುಖ ಪೆಟ್ಟಿಗೆಯ ಒಳಗೆ ಬರಬೇಕು. ಪೆಟ್ಟಿಗೆ ಮುಖ ಕೆಳಗಾಗಿ ಮಲಗಿರುವುದರಿಂದ ನಿಂತು ನೋಡುವ ನಿಮಗೆ ಕಂದು ಮುಖವೇ ಕಾಣಬೇಕು. ಚಿತ್ರದಲ್ಲಿ ಒಂದು ಮುಖಕ್ಕೆ ಚುಕ್ಕಿ ಅಥವಾ ಬೂದು ಬಣ್ಣ ತುಂಬಿರುತ್ತಾರೆ, ಅದು ಇದೇ ಗುರುತು. ಮೊಳೆ ಹೊಡೆಯುವ ಮೊದಲು ಟೇಪಿನಿಂದ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡು ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದವಿರುವ ಕರ್ಣದ ಮೂಲೆಗಳನ್ನು ಒತ್ತಿ ಸರಿಪಡಿಸಿ. ಮೊಳೆ ಹೊಡೆದ ಮೇಲೆ ಅದು ಹಾಗೆಯೇ ನಿಂತುಬಿಡುತ್ತದೆ, ನಂತರ ಬಾಗಿಲುಗಳ ಮಧ್ಯದ ಸಂದು ಮೇಲೆ ಅಗಲ, ಕೆಳಗೆ ಕಿರಿದು ಎಂದು ಹಿಂಜನ್ನು ಬಯ್ಯುವಿರಿ.

---

ಕಾವೇರಿ_ತೀರ

ಮೊದಲಿಗೆ ನಾನು ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡಿದ್ದೆ, ಬಿಡಿ. ಆದರೆ ಸ್ಕ್ರೂಗಳು ಬೆರೆತದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲವಲ್ಲ. ಹಾಳೆಯಲ್ಲಿ ಸ್ಕ್ರೂಗಳ ಚಿತ್ರ ನಿಜವಾದ ಅಳತೆಯಲ್ಲೇ ಇದ್ದರೆ, ಸ್ಕ್ರೂವನ್ನು ಚಿತ್ರದ ಮೇಲಿಟ್ಟು ನೋಡಿದರಾಯಿತು. ‘1:1’ ಎಂದು ಪಕ್ಕದಲ್ಲಿ ಬರೆದಿರಬೇಕು.

---

ಫಿಟ್ಟರ್_ಹನುಮಂತನಗರ

1:1 ಎಂದು ಬರೆದಿದ್ದರೆ ಸರಿ, ಇಲ್ಲದಿದ್ದರೆ ನಂಬಬೇಡಿ. ಕಳೆದುಹೋದ ಹಾಳೆಯನ್ನು ಮೊಬೈಲಿನಿಂದ ಮುದ್ರಿಸಿಕೊಂಡವರಿಗಂತೂ ಅಳತೆ ಖಂಡಿತ ಬದಲಾಗಿರುತ್ತದೆ. ಸ್ಕೇಲು ಇಟ್ಟು ತಲೆಯನ್ನೂ ಸೇರಿಸಿ ಅಳೆಯಿರಿ. ಇವರಲ್ಲಿ 16 ಮತ್ತು 30, ಕಣ್ಣಿಗೇ ತಿಳಿಯುವಷ್ಟು ವ್ಯತ್ಯಾಸ. ಆದರೂ ಎಂಟು ‘ಎಫ್’ ಸ್ಕ್ರೂಗಳನ್ನು ಮೊದಲೇ ಬೇರೆ ಬಟ್ಟಲಿಗೆ ಹಾಕಿ 14ನೇ ಹಂತದವರೆಗೆ ಮುಟ್ಟಬೇಡಿ. ಚಾನೆಲಿಗೆ ಅದನ್ನು ಹಾಕಿದರೆ 18 ಮಿ.ಮೀ. ಹಲಗೆಯನ್ನು ತೂರಿಕೊಂಡು ಒಂದು ಸೆಂ.ಮೀ.ಗೂ ಹೆಚ್ಚು ಹೊರಗೆ ಬರುತ್ತದೆ, ಅದೂ ಎಲ್ಲರಿಗೂ ಕಾಣುವ ಬದಿಯಲ್ಲಿ.

---

ಎತ್ತರದ_ಲೆಕ್ಕ

ಯಾರೂ ಎತ್ತದ ವಿಷಯ ಒಂದಿದೆ. ಮಲಗಿಸಿ ಕಟ್ಟಿದ 200 ಸೆಂ.ಮೀ. ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುವಾಗ ಅದರ ಓರೆಯ ಉದ್ದ ಲೆಕ್ಕಕ್ಕೆ ಬರುತ್ತದೆ: ಎತ್ತರ 200, ಆಳ 58 ಎಂದರೆ ಸುಮಾರು 208 ಸೆಂ.ಮೀ. ಕೋಣೆಯ ಚಾವಣಿಗೆ ತಾಗದಿದ್ದರೂ, ಏಳು ಅಡಿಗೆ ಅಂದರೆ 213 ಸೆಂ.ಮೀ.ಗೆ ಅಟ್ಟ ಹಾಕಿರುವ ಗೋಡೆಯ ಬಳಿ ಉಳಿಯುವುದು ಐದೇ ಸೆಂ.ಮೀ. ಫ್ಯಾನಿನ ಕೆಳಗಂತೂ ಬೇಡವೇ ಬೇಡ.

---

ಬಾಡಿಗೆಮನೆ_ಮೈಸೂರು

ನಮ್ಮ ಕೋಣೆಯಲ್ಲಿ ಅಟ್ಟ ಇದೆ! ಅಳೆದೆ, ಕೆಳಗಿನ ಅಂಚು 211 ಸೆಂ.ಮೀ.ಗೆ ಬರುತ್ತದೆ. ಕೋಣೆಯ ನಡುವೆ ನಿಲ್ಲಿಸಿ ನಂತರ ಗೋಡೆಗೆ ಸರಿಸುತ್ತೇವೆ. ಪಾರ್ಟಿಕಲ್ ಬೋರ್ಡನ್ನು ನೆಲದ ಮೇಲೆ ಎಳೆಯಬಹುದೇ?

---

ಫಿಟ್ಟರ್_ಹನುಮಂತನಗರ

ಎಳೆಯಬೇಡಿ, ಕಾಲುಪಟ್ಟಿಯ ಗೂಟಗಳು ಸಡಿಲವಾಗುತ್ತವೆ. ಕೆಳಗೆ ಹಳೆಯ ಕಂಬಳಿ ಹಾಸಿ, ಇಬ್ಬರೂ ಬುಡದ ಬಳಿ ಹಿಡಿದು ಸರಿಸಿ. ಬಾಗಿಲುಗಳು 13ನೇ ಹಂತದಲ್ಲಿವೆ, ಅವನ್ನು ಜಾಗ ಸೇರಿಸಿದ ಮೇಲೆಯೇ ಹಾಕಿ.

---

ಸಾಗರದ_ಸುಬ್ಬಿ

ಮರದ ಗೂಟಗಳಿಗೆ ಫೆವಿಕಾಲ್ ಹಾಕಬೇಕೇ? ನಮ್ಮಲ್ಲಿ ಮಳೆಗಾಲದಲ್ಲಿ ಎಲ್ಲವೂ ಉಬ್ಬುತ್ತದೆ. ಅಂಟು ಹಾಕಿದರೆ ಗಟ್ಟಿ ಎಂದು ನಮ್ಮ ಆಚಾರಿ ಹೇಳುತ್ತಾರೆ.

---

ಬಾಡಿಗೆಮನೆ_ಮೈಸೂರು

ಹಾಳೆಯಲ್ಲಿ ಅಂಟಿನ ಬಾಟಲಿಯ ಚಿತ್ರ ಎಲ್ಲಿಯೂ ಇಲ್ಲ. ಮನೆ ಬದಲಿಸುವಾಗ ಬಿಚ್ಚಲೇಬೇಕಾದ ನಮ್ಮಂಥವರು ಹಾಕದಿರುವುದೇ ಒಳ್ಳೆಯದು ಎನಿಸುತ್ತದೆ.

---

ನಿವೃತ್ತ_ಓವರ್ಸಿಯರ್

ಅಂಟಿಲ್ಲದ ಗೂಟ ಗೂಟವೇ ಅಲ್ಲ. ಸ್ವಂತ ಮನೆಯವರು ಹಾಕಲಿ.

---

ಫಿಟ್ಟರ್_ಹನುಮಂತನಗರ

ಗೂಟದ ಕೆಲಸ ಹಲಗೆಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದು, ಎಳೆದು ಹಿಡಿಯುವುದು ಕ್ಯಾಮಿನ ಕೆಲಸ. ಅಂಟು ಹಾಕಿ ಕಟ್ಟಿದ್ದನ್ನು ಬಿಚ್ಚಿಕೊಡಿ ಎಂದು ಕರೆಯುವವರು ಸ್ವಂತ ಮನೆಯವರೇ ಹೆಚ್ಚು, ಸಾಹೇಬರೇ.

---

ನಿವೃತ್ತ_ಓವರ್ಸಿಯರ್

ಅದು ನಿಮ್ಮ ಸಂಪಾದನೆಯ ದೃಷ್ಟಿ. ಹತ್ತು ವರ್ಷ ಅಲುಗಾಡದೆ ನಿಲ್ಲಬೇಕೆಂಬುದು ನನ್ನ ದೃಷ್ಟಿ.

---

ಬಾಡಿಗೆಮನೆ_ಮೈಸೂರು

ಭಾವನವರಿಗೆ ಇಡೀ ಚರ್ಚೆ ಓದಿಸಿದೆ. ಚಾನೆಲನ್ನು ಮಲಗಿಸಿಯೇ ಹಾಕಲು ಒಪ್ಪಿದ್ದಾರೆ, ಆದರೆ ಹಿಂಜಿನ ಪ್ಲೇಟುಗಳನ್ನೂ ಆಗಲೇ ಹಾಕಬೇಕೆಂಬುದು ಅವರ ಷರತ್ತು. 11ನೇ ಚಿತ್ರದಲ್ಲಿ ಗೋಡೆಗೆ ಕಟ್ಟುವ ಪಟ್ಟಿ ತೋರಿಸಿದ್ದಾರೆ, ಅದಕ್ಕೆ ಬೇಕಾದ ರಾವಲ್ ಪ್ಲಗ್ ಮಾತ್ರ ಪಟ್ಟಿಯಲ್ಲಿಲ್ಲ. ಮನೆಯ ಮಾಲೀಕರು ಗೋಡೆ ಕೊರೆಯಲು ಬಿಡುವರೋ ಇಲ್ಲವೋ ಕೇಳಬೇಕು.

---

ಎತ್ತರದ_ಲೆಕ್ಕ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಪಟ್ಟಿಯನ್ನು ಬಿಡುವಂತಿಲ್ಲ. ಬಾಗಿಲು ಎರಡೂ ತೆರೆದು ಡ್ರಾಯರ್ ಎಳೆದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಪ್ಲಗ್ಗನ್ನು ಗೋಡೆ ನೋಡಿಯೇ ಕೊಳ್ಳಬೇಕು, ಅದಕ್ಕೇ ಪೊಟ್ಟಣದಲ್ಲಿ ಕೊಡುವುದಿಲ್ಲ. ನಿಮ್ಮದು ಇಟ್ಟಿಗೆ ಗೋಡೆಯೋ, ಟೊಳ್ಳು ಬ್ಲಾಕಿನದೋ?